ಮೊದಲು ಕಂಪನಿಯ ಗಾತ್ರ, ಆಮೇಲೆ ಹುದ್ದೆ

ಕೇಳುಗರಿಗೆ ನಮಸ್ಕಾರ. ಹಾಸನದಲ್ಲೋ ಸಕಲೇಶಪುರದಲ್ಲೋ ಕೂತು ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಮಾರುವವರು ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ನನ್ನದು ಒಂದೇ ಮಾತು. ಲಿಂಕ್ಡ್‌ಇನ್‌ನಲ್ಲಿ ಜಾಹೀರಾತು ಹಾಕುವಾಗ ಮೊದಲು ಕಂಪನಿಯ ಗಾತ್ರ ಆರಿಸಿ. ಹುದ್ದೆಯ ಹೆಸರು ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ಇಲ್ಲೇ ಬಿ.ಎಂ. ರಸ್ತೆಯ ಇಬ್ಬರು ಹುಡುಗರು ಹಾಜರಿ ಮತ್ತು ಸಂಬಳದ ಲೆಕ್ಕಕ್ಕೆ ಒಂದು ಸಾಫ್ಟ್‌ವೇರ್ ಮಾಡಿದ್ದರು. ಮೂವತ್ತು ನಲವತ್ತು ಜನ ಕೆಲಸ ಮಾಡುವ ಕಾಫಿ ಕ್ಯೂರಿಂಗ್, ಅಕ್ಕಿ ಗಿರಣಿಗಳಿಗೆ ಹೇಳಿ ಮಾಡಿಸಿದಂತಿತ್ತು. ಜಾಹೀರಾತನ್ನು ಮಾತ್ರ ಕರ್ನಾಟಕದ ಎಲ್ಲ ಎಚ್‌ಆರ್ ಮ್ಯಾನೇಜರ್‌ಗಳಿಗೆ ತೋರಿಸಿದರು. ಗಾತ್ರ ಆರಿಸಲೇ ಇಲ್ಲ. ಕ್ಲಿಕ್ ಬಂತು, ದುಡ್ಡು ಹೋಯಿತು, ಒಂದು ಫೋನೂ ಬರಲಿಲ್ಲ.

ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬಂದರು. ಜಾಹೀರಾತನ್ನು ಎಂಥವರು ನೋಡಿದರು, ಕ್ಲಿಕ್ ಮಾಡಿದರು ಅಂತ ತೋರಿಸುವ Demographics ತೆರೆದು ಕಂಪನಿ ಗಾತ್ರದ ಪಟ್ಟಿ ನೋಡಿದೆವು. ಜಾಸ್ತಿ ಕ್ಲಿಕ್ ಇದ್ದದ್ದು ಹತ್ತು ಸಾವಿರಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಿಂದ. ಅವರು ಈ ಸಾಫ್ಟ್‌ವೇರ್ ಯಾಕೆ ಕೊಳ್ಳುತ್ತಾರೆ?

"ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಂಬಳದ ಕೆಲಸ ಯಾರದಪ್ಪಾ?" ಅಂತ ಕೇಳಿದೆ.

"ರೈಟರು ಲೆಕ್ಕ ಬರೀತಾರೆ ಸಾರ್. ದುಡ್ಡು ಕೊಡೋರು ಸಾಹುಕಾರ್ರು."

"ಎಚ್‌ಆರ್ ಮ್ಯಾನೇಜರ್?"

"ಅಲ್ಲಿ ಆ ಹೆಸರಿನವರೇ ಇಲ್ಲ ಸಾರ್."

ನೋಡಿ, ಇಷ್ಟೇ ವಿಷಯ. ಚಿಕ್ಕ ಕಂಪನಿಯಲ್ಲಿ ಆ ಹುದ್ದೆಯೇ ಇರುವುದಿಲ್ಲ. ದೊಡ್ಡ ಕಂಪನಿಯಲ್ಲಿ ಆ ಹುದ್ದೆಯವರೊಬ್ಬರೇ ಕೊಳ್ಳುವ ತೀರ್ಮಾನ ಮಾಡುವುದಿಲ್ಲ. ಅದಕ್ಕೇ ಗಾತ್ರ ಮೊದಲು ಅನ್ನುವುದು. ಅವತ್ತೇ ಜಾಹೀರಾತನ್ನು ಎರಡು ಮಾಡಿದೆವು. 11ರಿಂದ 50 ಜನರ ಕಂಪನಿಗೆ ಮಾಲೀಕರು ಮತ್ತು ಮ್ಯಾನೇಜಿಂಗ್ ಪಾರ್ಟ್‌ನರ್. 51ರಿಂದ 200 ಜನರ ಕಂಪನಿಗೆ ಎಚ್‌ಆರ್ ಮ್ಯಾನೇಜರ್. ಕ್ಲಿಕ್ ಕಡಿಮೆಯಾಯಿತು. ಆದರೆ ಮೊದಲ ಫೋನ್ ಮಾಡಿದ್ದು ಒಬ್ಬ ಗಿರಣಿ ಮಾಲೀಕರು. ಅವರು ಕೇಳಿದ್ದು ಬೆಲೆ. ಆ ಹುಡುಗರ ಮುಖ ನೀವು ನೋಡಬೇಕಿತ್ತು!

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಗಾತ್ರದ ಲೆಕ್ಕ ಸಿಗುವುದು ಕಂಪನಿಯವರು ತಮ್ಮ ಲಿಂಕ್ಡ್‌ಇನ್ ಪುಟದಲ್ಲಿ ತುಂಬಿದ್ದರಿಂದ. ಪುಟವೇ ಇಲ್ಲದ ಗಿರಣಿಯವರು ಈ ಬಲೆಗೆ ಬೀಳುವುದಿಲ್ಲ, ಅವರ ಬಾಗಿಲಿಗೆ ನೀವೇ ಹೋಗಬೇಕು. ಆರಿಸಿದ ಗುಂಪಿನಲ್ಲಿ ಕನಿಷ್ಠ 300 ಜನ ಇಲ್ಲದಿದ್ದರೆ ಜಾಹೀರಾತು ಓಡುವುದೇ ಇಲ್ಲ. ಹಾಗಾಗಿ ಹಾಸನ ಒಂದನ್ನೇ ಹಿಡಿದು ಕೂರಬೇಡಿ, ಊರು ಹಿಗ್ಗಿಸಿ, ಗಾತ್ರ ಹಿಗ್ಗಿಸಬೇಡಿ. Enable Audience Expansion ಅಂತ ಒಂದು ಗುರುತು ಇರುತ್ತದೆ, ಅದನ್ನು ತೆಗೆಯಿರಿ. ಅದು ಇದ್ದರೆ ನೀವು ಆರಿಸದವರಿಗೂ ಜಾಹೀರಾತು ಹೋಗುತ್ತದೆ.

ಜಾಹೀರಾತು ಈಗಾಗಲೇ ಓಡುತ್ತಿದೆಯಾ? ಹಾಗಿದ್ದರೆ ಇವತ್ತು ಸಂಜೆ Demographics ತೆರೆದು ಕಂಪನಿ ಗಾತ್ರ ನೋಡಿ, ಹುದ್ದೆಯ ಪಟ್ಟಿ ಆಮೇಲೆ ನೋಡಿದರಾಯಿತು. ನಮಸ್ಕಾರ.