ಫ್ರೆಂಡ್‌ಶಿಪ್ ಡೇ ಕ್ಯಾಪ್ಶನ್: ಮೊದಲ ಸಾಲು ಹಾಳು ಮಾಡ್ಬೇಡಿ ಮಾರಾಯ್ರೆ!

ನಮಸ್ಕಾರ ಶಿವಮೊಗ್ಗ! ಹೋದ ವಿಡಿಯೋಗೆ ಒಬ್ರು ಕಮೆಂಟ್ ಹಾಕಿದಾರೆ: "ದೋಸ್ತಿಗೆ ನಾಲ್ಕು ಸಾಲು ಬರಿಯೋಕೂ ಪಾಠ ಬೇಕಾ?" ಬೇಕು ಸ್ವಾಮಿ. ಆಗಸ್ಟ್ ಮೊದಲ ಭಾನುವಾರ ಇನ್‌ಸ್ಟಾಗ್ರಾಂ ತೆಗೀರಿ, ಗೊತ್ತಾಗತ್ತೆ. "ಹ್ಯಾಪಿ ಫ್ರೆಂಡ್‌ಶಿಪ್ ಡೇ ಕಣೋ, ನೀನು ಸಿಕ್ಕಿದ್ದು ನನ್ನ ಪುಣ್ಯ." ಯಾರು ಈ ನೀನು? ಹೆಸರು ಬದಲಾಯಿಸಿದ್ರೆ ಯಾರಿಗೆ ಬೇಕಾದ್ರೂ ಹೊಂದತ್ತೆ!

ಕ್ಯಾಪ್ಶನ್ ಅಂದ್ರೆ ದೋಸ್ತಿಗೆ ಬರೆಯೋ ಪತ್ರ. ಫೀಡಲ್ಲಿ ಕಾಣೋದು ಅದರ ಮೊದಲ ಒಂದೆರಡು ಸಾಲು. ಉಳಿದದ್ದೆಲ್ಲ 'ಮೋರ್' ಒತ್ತಿದವರಿಗೆ. ಆ ಜಾಗಕ್ಕೆ ನೀವು ಶುಭಾಶಯ ತುಂಬಿದ್ರೆ ಒಳಗಿನ ಪತ್ರ ಯಾರಿಗೆ? ನೆನಪನ್ನೇ ಮೊದಲು ಇಡಿ. "ಗಾಜನೂರು ಹತ್ರ ಮಳೇಲಿ ಬೈಕ್ ನಿಂತಾಗ, ಪ್ಲಗ್ ಬಿಚ್ಚಿ ನಿನ್ನ ಹೊಸ ಅಂಗಿ ತುದೀಲಿ ಒರೆಸಿದ್ಯಲ್ಲ, ಆ ಕಲೆ ನಿಮ್ಮಮ್ಮ ಇನ್ನೂ ತೋರಿಸ್ತಾರೆ." ನೋಡಿ, ಜಾಗ ಇದೆ, ವಸ್ತು ಇದೆ, ಅವನು ಮಾಡಿದ ಕೆಲಸ ಇದೆ. 'ನೀನು ತುಂಬಾ ಹೆಲ್ಪ್ ಮಾಡಿದೀಯ' ಅಂತ ಬೇರೆ ಹೇಳಬೇಕಾ?

ಮತ್ತೆ ಹೇಳ್ತೀನಿ, ಮೊದಲ ಸಾಲಲ್ಲಿ ನೆನಪು! ಆಮೇಲೆ ಅದೇ ನೆನಪನ್ನ ಬಿಡಿಸಿ: ಅವತ್ತು ಎಂತ ಮಾತಾಡಿದ್ರಿ, ಆಗ ಹೇಳೋಕಾಗದ ಮಾತು ಯಾವುದು. ಒಂದು ಕ್ಯಾಪ್ಶನ್‌ಗೆ ಒಂದು ನೆನಪು, ಹೆಚ್ಚಂದ್ರೆ ಎರಡು. ಹತ್ತು ತುರುಕಿದ್ರೆ ಪತ್ರ ಹೋಗಿ ರೇಷನ್ ಪಟ್ಟಿ ಆಗತ್ತೆ. ಇನ್ನೊಂದು, 'ನೀನು' ಅಂತ ಶುರು ಮಾಡಿದವರು ಅರ್ಧಕ್ಕೆ ಬಂದು "ಇವನು ತುಂಬಾ ಒಳ್ಳೆಯವನು" ಅಂತ ಊರಿಗೆ ಹೇಳೋಕೆ ಶುರು ಮಾಡ್ತಾರೆ. ಅಲ್ಲಿಗೆ ಪತ್ರ ಸತ್ತಿತು, ಭಾಷಣ ಹುಟ್ಟಿತು. ಕೊನೇವರೆಗೂ 'ನೀನು' ಬಿಡ್ಬೇಡಿ.

ಉದ್ದದ ಮಿತಿ 2,200 ಕ್ಯಾರೆಕ್ಟರ್. ಕನ್ನಡದಲ್ಲಿ ಅದು ಬೇಗ ಮುಗಿಯತ್ತೆ, ಯಾಕಂದ್ರೆ ಒತ್ತು, ಗುಣಿತ ಎಲ್ಲ ಬೇರೆಬೇರೆ ಲೆಕ್ಕ. 'ಸ್ನೇಹಿತ' ನಮ್ಮ ಕಣ್ಣಿಗೆ ಮೂರಕ್ಷರ, ಫೋನಿಗೆ ಏಳು. ಅಂದಾಜು 250 ಪದಕ್ಕೆ ನಿಲ್ಲಿಸಿದ್ರೆ ಕ್ಷೇಮ. ನೋಟ್ಸಲ್ಲಿ ಬರೆದು ಪೇಸ್ಟ್ ಮಾಡಿ, ಆ್ಯಪ್ ಕೈಕೊಟ್ರೂ ಬರೆದದ್ದು ಉಳಿಯತ್ತೆ.

"ಆಗುಂಬೆ ಸೂರ್ಯಾಸ್ತ ನೋಡಿದ ಆ ಆಗಸ್ಟ್ ಸಂಜೆ" ಅಂತ ಬರೆಯೋರು ಬೇರೆ! ಆ ಮಳೆಗಾಲದ ಮಂಜಲ್ಲಿ ಪಕ್ಕದಲ್ಲಿರೋ ದೋಸ್ತಿ ಕಂಡ್ರೇ ಹೆಚ್ಚು, ಸೂರ್ಯ ಎಲ್ಲಿಂದ ಬಂದ? ಸುಳ್ಳು ಹೇಳೋಕೂ ತಿಂಗಳು ನೋಡ್ಕೊಳ್ಳಿ. ಗುಂಡಿ ಒತ್ತಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಅದಕ್ಕೇನು ಸೂರ್ಯ ಬೇಕಾಗಿಲ್ಲ.

"ಉದ್ದ ಬರೆದ್ರೆ ಯಾರು ಓದ್ತಾರೆ?" ಅಂತೀರಾ? ಅವನು ಓದ್ತಾನೆ! ಪತ್ರ ಬರೆದದ್ದು ಅವನಿಗೆ ತಾನೇ? ಆದ್ರೆ ಮೊದಲ ಸಾಲು, ಮೊದಲ ಸಾಲು, ಮೊದಲ ಸಾಲು! ಇಲ್ಲ, ನಮಗೆ "ಹ್ಯಾಪಿ ಫ್ರೆಂಡ್‌ಶಿಪ್ ಡೇ"ನೇ ಬೇಕು ಅನ್ನೋರು ಹಾಕ್ಕೊಳ್ಳಿ, ಕೊನೇಲಿ ಹಾಕ್ಕೊಳ್ಳಿ. ಇಷ್ಟರ ಮೇಲೂ ಮೇಲೇ ಹಾಕ್ತೀನಿ ಅಂದ್ರೆ ಎಂತ ಮಾಡೋದು, ನನ್ನ ಟ್ಯಾಗ್ ಮಾತ್ರ ಮಾಡ್ಬೇಡಿ.