ರಾತ್ರಿ ಬರೆದ ಮೂರು ಸಾಲು, ಬೆಳಗಿನ ಎರಡನೇ ಅಲಾರಂ

ಎಲ್ಲರಿಗೂ ನಮಸ್ಕಾರ.

ನಾಳೆಯ ಮೂರು ಮುಖ್ಯ ಕೆಲಸಗಳನ್ನು ಇವತ್ತು ರಾತ್ರಿಯೇ ಆರಿಸಿ ಬರೆಯುವುದು, ಬೆಳಿಗ್ಗೆ ಅವೇ ಸಾಲುಗಳು ಫೋನಿನಲ್ಲಿ ಮತ್ತೆ ಕಣ್ಣಿಗೆ ಬೀಳುವ ಹಾಗೆ ಮಾಡುವುದು. ಹೇಳುವುದಕ್ಕೆ ಇಷ್ಟೇ. ಆದರೂ ಬಹಳ ಜನ ಒಂದು ವಾರ ಮಾಡಿ ಬಿಟ್ಟುಬಿಡುತ್ತಾರೆ. ಅದಕ್ಕೆ ಸೋಮಾರಿತನ ಕಾರಣ ಅನ್ನುವುದನ್ನು ನಾವು ಒಪ್ಪುವುದಿಲ್ಲ. ತಪ್ಪಿರುವುದು ಹೆಚ್ಚಾಗಿ ಬರೆದ ಸಾಲಿನಲ್ಲಿ, ಇಲ್ಲವೇ ಅದು ಕಾಣಿಸಿಕೊಳ್ಳುವ ಹೊತ್ತಿನಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯಂಥ ಊರಿನಲ್ಲಿ ಹತ್ತಾರು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುವವರೊಬ್ಬರು. ತಿಂಗಳ 18ನೇ ತಾರೀಖು, ರಾತ್ರಿ ಒಂಬತ್ತೂವರೆ. 20ಕ್ಕೆ ಜಿಎಸ್‌ಟಿಆರ್-3ಬಿ ಅನ್ನುವ ತಿಂಗಳ ರಿಟರ್ನಿಗೆ ಕೊನೆಯ ದಿನ. ಅದು ದಾಟಿದರೆ ದಿನಕ್ಕೆ 50 ರೂಪಾಯಿ ತಡ ಶುಲ್ಕ, ಮೇಲೆ ಬಡ್ಡಿ. ಅವರು ಬರೆದುಕೊಳ್ಳುತ್ತಾರೆ: ‘ರಿಟರ್ನ್, ಬಿಲ್ಲು, ಫೋನು.’

ಬೆಳಿಗ್ಗೆ ಈ ಮೂರು ಪದ ನೋಡಿದವರಿಗೆ ಮತ್ತೆ ಯೋಚನೆ ಶುರು. ಯಾರ ರಿಟರ್ನ್? ಯಾವ ಬಿಲ್ಲು? ಆರಿಸುವ ಕೆಲಸ ರಾತ್ರಿ ಮುಗಿದೇ ಇರಲಿಲ್ಲ. ಅದೇ ಸಾಲುಗಳನ್ನು ಹೀಗೆ ಬರೆಯಬಹುದು:

‘ಒಂಬತ್ತೂವರೆಗೆ ಹಾರ್ಡ್‌ವೇರ್ ಮಾಲೀಕರಿಗೆ ಫೋನ್: ಸಂಜೆ ನಾಲ್ಕಕ್ಕೆ ಒಟಿಪಿ ಬೇಕು.’
‘ಹಾರ್ಡ್‌ವೇರ್ ಖರೀದಿ ಬಿಲ್ಲು 2ಬಿ ಜೊತೆ ತಾಳೆ, ಇಲ್ಲದ್ದಕ್ಕೆ ಗುರುತು.’
‘ಬಟ್ಟೆ ಅಂಗಡಿ ಕಟ್ಟಬೇಕಾದ ಮೊತ್ತ ವಾಟ್ಸಾಪ್ ಮಾಡು.’

2ಬಿ ಅಂದರೆ ಸರಕು ಕೊಟ್ಟವರು ತೋರಿಸಿದ ಬಿಲ್ಲುಗಳ ಜಿಎಸ್‌ಟಿ ಪಟ್ಟಿ. ಫೋನು ಮೊದಲು ಬಂದದ್ದಕ್ಕೆ ಕಾರಣವಿದೆ. ಲೆಕ್ಕವೆಲ್ಲ ಸಿದ್ಧವಿದ್ದರೂ ರಿಟರ್ನ್ ಸಲ್ಲಿಸಲು ಬೇಕಾದ ಒಟಿಪಿ ಹೋಗುವುದು ಮಾಲೀಕರ ಮೊಬೈಲಿಗೆ. ಹನ್ನೊಂದರ ಮೇಲೆ ಗಿರಾಕಿಗಳ ನಡುವೆ ಅವರು ಫೋನ್ ಎತ್ತುವುದು ಕಷ್ಟ. ಇನ್ನೊಬ್ಬರ ಕೈಯಲ್ಲಿರುವ ಕೆಲಸವನ್ನು ಮೊದಲ ಸಾಲಿಗೆ ಹಾಕಿದರೆ, ಅವರು ಸಿದ್ಧವಾಗುವಷ್ಟರಲ್ಲಿ ನಿಮ್ಮ ಎರಡನೇ ಸಾಲು ನಡೆಯುತ್ತಿರುತ್ತದೆ.

ಮೂರನ್ನು ಆರಿಸುವಾಗ ಒಂದೇ ಪ್ರಶ್ನೆ ಸಾಕು: ನಾಳೆ ಇದು ಆಗದಿದ್ದರೆ ನಾಡಿದ್ದು ದುಡ್ಡೋ ಕೊಟ್ಟ ಮಾತೋ ಹೋಗುತ್ತದೆಯೇ? ದಿನವೂ ತಾನಾಗಿ ನಡೆಯುವ ಕೆಲಸಗಳಿಗೆ ಇಲ್ಲಿ ಜಾಗವಿಲ್ಲ. ಮೂರೂ ಸೇರಿ ನಾಲ್ಕು ಗಂಟೆ ಮೀರಬಾರದು ಅನ್ನುವುದು ನಮ್ಮ ಲೆಕ್ಕ. ಉಳಿದ ಹೊತ್ತನ್ನು ಬಂದುಹೋಗುವವರು ತಿನ್ನುತ್ತಾರೆ, ಅದರಲ್ಲೂ 19ನೇ ತಾರೀಖು.

ಬಿಡಿಸಿ ಬರೆಯುವುದರಿಂದ ರಾತ್ರಿಗೂ ಒಂದು ಲಾಭವಿದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಜನರನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮಲಗುವ ಮುಂಚೆ ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ಎಷ್ಟು ನಿರ್ದಿಷ್ಟವೋ ನಿದ್ದೆ ಅಷ್ಟು ಬೇಗ ಬಂದಿತ್ತು. ಸಣ್ಣ ಅಧ್ಯಯನ, ಆದರೂ ‘ರಿಟರ್ನ್’ ಅಂತ ಒಂದೇ ಪದ ಬರೆದು ಮಲಗಿದವರಿಗೆ ನಿದ್ದೆ ಯಾಕೆ ಹತ್ತುವುದಿಲ್ಲ ಅನ್ನುವುದಕ್ಕೆ ಸುಳಿವು ಕೊಡುತ್ತದೆ.

ಇನ್ನು ಬೆಳಗಿನ ಪಾಲು. ಎಬ್ಬಿಸುವ ಅಲಾರಂಗೆ ಈ ಸಾಲುಗಳನ್ನು ಕಟ್ಟಬೇಡಿ. ಅದನ್ನು ನಿದ್ದೆಗಣ್ಣಿನ ಬೆರಳು ಓದದೆಯೇ ಆಫ್ ಮಾಡುತ್ತದೆ. ಕಾಫಿ ಮುಗಿಸಿ ಕೂರುವ ಹೊತ್ತಿಗೆ, ಏಳೂ ಮುಕ್ಕಾಲು ಅಂದುಕೊಳ್ಳಿ, ಎರಡನೇ ಅಲಾರಂ ಇಡಿ. ಫೋನಿನ ಗಡಿಯಾರದ ಆ್ಯಪ್‌ನಲ್ಲಿ ಪ್ರತಿ ಅಲಾರಂಗೂ ಹೆಸರು ಬರೆಯುವ ಜಾಗವಿರುತ್ತದೆ. ಉದ್ದ ಬರೆದರೆ ಪರದೆಯಲ್ಲಿ ತುದಿ ಕತ್ತರಿಸಿಹೋಗಬಹುದು. ಅಲ್ಲಿ ‘ಒಟಿಪಿ ಫೋನ್ / 2ಬಿ ತಾಳೆ / ಬಟ್ಟೆ ಮೊತ್ತ’ ಅಂತಿರಲಿ, ಪೂರ್ತಿ ಸಾಲುಗಳು ಚೀಟಿಯಲ್ಲಿರಲಿ.

ರಿಮೈಂಡರ್ ಆ್ಯಪ್ ಇರುವಾಗ ಅಲಾರಂ ಯಾಕೆ? ಆಂಡ್ರಾಯ್ಡ್ 6ರಿಂದೀಚೆಗೆ, ಚಾರ್ಜರಿಗೆ ಹಾಕದ ಫೋನು ಪರದೆ ಆರಿ ಅಲುಗಾಡದೆ ಬಿದ್ದಿದ್ದರೆ ಗಾಢ ನಿದ್ದೆಗೆ ಜಾರುತ್ತದೆ. ಆಗ ಹಲವು ಆ್ಯಪ್‌ಗಳ ಸೂಚನೆಗಳು ತಡೆದು ನಿಂತು, ನೀವು ಫೋನು ಕೈಗೆತ್ತಿಕೊಂಡಾಗ ಬೇರೆ ಸಂದೇಶಗಳ ರಾಶಿಯೊಂದಿಗೆ ಸುರಿಯುತ್ತವೆ. ಪತ್ತೆಹಚ್ಚುವುದು ಸುಲಭ: ರಾತ್ರಿ ಚಾರ್ಜಿಗೆ ಹಾಕಿದ ದಿನ ಸೂಚನೆ ಸಮಯಕ್ಕೆ ಬಂದು, ಹಾಕದ ದಿನ ತಡವಾದರೆ ಕಾರಣ ಇದೇ. ಗಡಿಯಾರದ ಅಲಾರಂಗೆ ಈ ತಡೆಯಿಲ್ಲ.

ಅಲಾರಂ ಒಂದೇ ದಿನಕ್ಕಿರಲಿ, ‘ಪ್ರತಿದಿನ’ ಬೇಡ. ದಿನವೂ ತಾನಾಗಿ ಬಾರಿಸುವಂತಿಟ್ಟರೆ, ಬರೆಯಲು ಮರೆತ ಮಾರನೆಯ ಬೆಳಿಗ್ಗೆ ಹಳೆಯ ಸಾಲೇ ಬರುತ್ತದೆ. ಎರಡು ಸಲ ಹಾಗಾದರೆ ನೀವು ಅದನ್ನು ಓದುವುದನ್ನೇ ಬಿಡುತ್ತೀರಿ. ಪ್ರತಿ ರಾತ್ರಿ ಹಳೆಯದನ್ನು ಅಳಿಸಿ ಕೈಯಾರೆ ಹೊಸದಾಗಿ ಬರೆಯಿರಿ, ಉಳಿದುಹೋದ ಕೆಲಸವನ್ನೂ ಸೇರಿಸಿ.

ಒಂದೇ ಸಾಲನ್ನು ಮೂರನೇ ರಾತ್ರಿಯೂ ಬರೆಯಬೇಕಾಗಿ ಬಂದರೆ ಆ ಸಾಲನ್ನೇ ಅನುಮಾನಿಸಿ. ‘2ಬಿ ತಾಳೆ’ ಮುಗಿಯುತ್ತಿಲ್ಲ ಅಂದುಕೊಳ್ಳಿ. ಬಹುಶಃ ಸರಕು ಕೊಟ್ಟವರು ಆ ಬಿಲ್ಲನ್ನು ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ತೋರಿಸಿಯೇ ಇಲ್ಲ. ಎಷ್ಟು ಹೊತ್ತು ತಾಳೆ ನೋಡಿದರೂ ಅದು ಸಿಗುವುದಿಲ್ಲ. ಆವತ್ತು ರಾತ್ರಿ ಬರೆಯಬೇಕಾದದ್ದು: ‘ಸರಕು ಕೊಟ್ಟವರಿಗೆ ಫೋನ್, ಆ ಬಿಲ್ಲು ಬಿಟ್ಟು ಉಳಿದದ್ದಕ್ಕೆ 3ಬಿ ಹಾಕು.’