ಮದ್ದಿಗೂ ಕಾಫಿಗೂ ನಡುವಿನ ಅರ್ಧ ಗಂಟೆ

ಎಲ್ಲರಿಗೂ ನಮಸ್ಕಾರ. ಸಣ್ಣಕಥೆಯ ಬಗ್ಗೆ ಮಾತಾಡಿ ಅಂದಿದ್ದೀರಿ. ಈಚೆಗೆ ನಾನು ಬರೆದ ಒಂದು ಕಥೆಯನ್ನೇ ಹೇಳಿಬಿಡುತ್ತೇನೆ.

ಬದಿಯಡ್ಕದಿಂದ ಸ್ವಲ್ಪ ಒಳಗೆ ಒಂದು ತೋಟದ ಮನೆ. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಟೀಚರ್ ಅಲ್ಲಿ ಒಬ್ಬರೇ. ಮಗ ಬೆಂಗಳೂರಲ್ಲಿ. ಥೈರಾಯ್ಡಿಗೆ ದಿನಾ ಬೆಳಿಗ್ಗೆ ಒಂದು ಮಾತ್ರೆ. ಅದನ್ನು ಖಾಲಿ ಹೊಟ್ಟೆಗೆ ನೀರಲ್ಲೇ ನುಂಗಬೇಕು. ಆಮೇಲೆ ಅರ್ಧ ಗಂಟೆಯಾದರೂ ಕಾಫಿ, ತಿಂಡಿ ಏನೂ ಕೂಡದು. ಕಾಫಿಯ ಜೊತೆ ಹೋದರೆ ಮದ್ದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಯಜಮಾನರಿದ್ದಾಗ ಎದ್ದ ಕೂಡಲೇ ಇಬ್ಬರಿಗೂ ಕಾಫಿ. ಈಗ ಒಲೆಯ ಮುಂದೆ ಸುಮ್ಮನೆ ಕೂತು ಗಡಿಯಾರ ನೋಡುವ ಆ ಅರ್ಧ ಗಂಟೆಯೇ ನನ್ನ ಕಥೆ.

ಆರು ಗಂಟೆಗೆ ಮಗನ ಮೆಸೇಜು: ‘ಅಮ್ಮಾ, ಮದ್ದು.’ ಭಾನುವಾರವೂ ಸರಿಯಾಗಿ 6.00ಕ್ಕೆ. ಮಗ ಎದ್ದಿಲ್ಲ, ಫೋನೇ ತನ್ನಷ್ಟಕ್ಕೆ ಕಳಿಸುತ್ತಿದೆ ಎಂದು ಟೀಚರಿಗೆ ಗೊತ್ತಾಯಿತು. ಬೇಜಾರಲ್ಲಿ, ಹಾಸಿಗೆಯಲ್ಲೇ ‘ಆಯ್ತು’ ಒತ್ತಿಬಿಡುತ್ತಿದ್ದರು. ಎದ್ದ ಮೇಲೆ ನುಂಗಿದೆನೋ ಇಲ್ಲವೋ ನೆನಪಿಲ್ಲ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿತ್ತು, ಅಂದರೆ ಮೈಗೆ ಮದ್ದು ಸಾಲುತ್ತಿಲ್ಲ. ನನ್ನ ಕಥೆಯ ಡಾಕ್ಟರು ಜಾಣರು. ಡೋಸು ಏರಿಸುವ ಮೊದಲು, ‘ಹೇಗೆ ತೆಗೊಳ್ತೀರಿ ಹೇಳಿ’ ಅಂದರು. ಕೇಳಿಸಿಕೊಂಡು, ಅದೇ ಡೋಸನ್ನು ತಪ್ಪದೆ ತೆಗೊಂಡು ಎಂಟು ವಾರ ಬಿಟ್ಟು ಬನ್ನಿ ಅಂದರು. ಈ ಪರೀಕ್ಷೆ ಅವಸರದಲ್ಲಿ ಮಾಡಿದರೆ ಪ್ರಯೋಜನವಿಲ್ಲ.

ಅಂದಿನಿಂದ ಮೊದಲು ನುಂಗುವುದು, ಆಮೇಲೆ ಒತ್ತುವುದು. ಸಂಶಯ ಬಂದರೆ ಫೋನು ನೋಡಿದರಾಯಿತು, ‘ಆಯ್ತು’ವಿನ ಪಕ್ಕ 6.07 ಅಂತ ಇರುತ್ತದೆ. ಉಳಿದ ಹೊತ್ತಿಗೆ, ಇದೇ ಮದ್ದು ತಿನ್ನುವ ಪೆರ್ಲದ ಹಳೆಯ ಸಹೋದ್ಯೋಗಿಗೆ ಬರೆದರು: ‘ಟೀಚರ್, ಮದ್ದು ಆಯ್ತಾ?’

ಮೊದಲ ಕರಡಿನಲ್ಲಿ ಒಂದೇ ವಾರಕ್ಕೆ ಇಬ್ಬರನ್ನೂ ಜೀವದ ಗೆಳತಿಯರನ್ನಾಗಿ ಮಾಡಿದ್ದೆ. ಹೊಡೆದುಹಾಕಿದೆ. ಅಷ್ಟು ವರ್ಷ ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕದ ಮೇಲೆ ಜಗಳಾಡಿದವರು ಅಷ್ಟು ಬೇಗ ಕರಗುವುದಿಲ್ಲ. ಈಗಿನ ಕಥೆಯಲ್ಲಿ ತುಂಬಾ ದಿನ ‘ಆಯ್ತು’ ಮಾತ್ರ ಬರುತ್ತದೆ. ಒಮ್ಮೆ, ‘ಆಯ್ತು. ನಿಮ್ಮ ಬಾವಿಯಲ್ಲಿ ನೀರುಂಟಾ?’ ಉತ್ತರಿಸಲು ಟೀಚರ್ ಅಂಗಳಕ್ಕಿಳಿದು ಬಗ್ಗಿ ನೋಡಬೇಕಾಯಿತು. ಮರುದಿನ ಇವರು ಅಡಿಕೆ ಒಣಗಿತಾ ಅಂತ ಕೇಳಿದರು. ಅವರೂ ಅಂಗಳಕ್ಕೆ ಹೋಗಿರಬೇಕು, ಉತ್ತರ ತಡವಾಗಿ ಬಂತು.

ಎಂಟು ವಾರಕ್ಕೆ ಟಿಎಸ್‌ಎಚ್ ಇಳಿದಿತ್ತು. ಅದು ಕಥೆಯಲ್ಲಿ ಒಂದೇ ಸಾಲು.

ಒಂದು ಬೆಳಿಗ್ಗೆ ಪೆರ್ಲದಿಂದ ಉತ್ತರವಿಲ್ಲ. ಕರೆ ಮಾಡಿದರೂ ಹೋಗುತ್ತಿಲ್ಲ. ಟೀಚರ್ ಕಾಫಿ ಕುಡಿಯದೆ ಬಸ್ಸು ಹತ್ತಿದರು. ಅಲ್ಲಿ ಆಕೆ ಅಂಗಳ ಗುಡಿಸುತ್ತಿದ್ದಾರೆ.

‘ಫೋನು ನೀರಿಗೆ ಬಿತ್ತು ಟೀಚರ್. ಬನ್ನಿ, ಕಾಫಿ ಮಾಡ್ತೇನೆ.’

‘ಮದ್ದು ಆಯ್ತಾ?’

‘ಅಯ್ಯೋ, ಮರೆತೇಹೋಯ್ತು!’

‘ಹಾಗಾದರೆ ನುಂಗಿ ಬನ್ನಿ. ನಾನು ಅರ್ಧ ಗಂಟೆ ಕೂತ್ಕೊಳ್ತೇನೆ.’

ಕಥೆ ಇಷ್ಟೇ. ಈಗ ನೀವು ಕೇಳಿ.